ಸಮೀಕ್ಷೆಯ ವಿವರಣೆ ಓದಿ ವಿಧಾನವನ್ನು ಗುರುತಿಸುವುದು: ಅಭ್ಯಾಸ ಸಂಗ್ರಹದ ಕೆಲಸ ಎಲ್ಲಿಗೆ ಬಂತು

ವಾಣಿಜ್ಯ ಪದವಿ ವಿದ್ಯಾರ್ಥಿಗಳಿಗಾಗಿ ನಾನು ಸಿದ್ಧಪಡಿಸುತ್ತಿರುವ ಮಾರುಕಟ್ಟೆ ಸಂಶೋಧನೆಯ ಅಭ್ಯಾಸ ಸಂಗ್ರಹದಲ್ಲಿ, ಎಲ್ಲರನ್ನೂ ಕೇಳುವ ಬದಲು ಕೆಲವರನ್ನು ಆರಿಸಿಕೊಳ್ಳುವ ಪ್ರತಿಚಯನ ವಿಧಾನಗಳ ಭಾಗ ಈಗ ಒಂದು ರೂಪಕ್ಕೆ ಬಂದಿದೆ. ಪ್ರತಿ ಪ್ರಶ್ನೆಗೂ ಬೇರೆ ಬೇರೆ ಕಂಪನಿಯನ್ನು ತರುವ ಬದಲು, ಮೈಸೂರಿನಲ್ಲಿ ಫಿಲ್ಟರ್ ಕಾಫಿ ಪುಡಿ ಮಾರುವ ಒಂದೇ ಕಲ್ಪಿತ ಅಂಗಡಿಯನ್ನು ಇಟ್ಟುಕೊಂಡಿದ್ದೇನೆ. ಚಿಕೋರಿ ಕಡಿಮೆ ಇರುವ ಹೊಸ ಮಿಶ್ರಣಕ್ಕೆ ಬೇಡಿಕೆ ಇದೆಯೇ ಎಂದು ತಿಳಿಯುವುದು ಅದರ ಉದ್ದೇಶ.

ದತ್ತಾಂಶದ ಭಾಗ ಬೇಗ ಮುಗಿಯಿತು. ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2022-23ರಲ್ಲಿ ನಡೆಸಿದ ಮನೆವಾರು ಬಳಕೆ ವೆಚ್ಚ ಸಮೀಕ್ಷೆ 2,61,746 ಕುಟುಂಬಗಳಿಂದ ಮಾಹಿತಿ ಪಡೆದಿತ್ತು. ಆ ಕಚೇರಿಯ ಪಾಲಿಗೆ ಅದು ಪ್ರಾಥಮಿಕ ದತ್ತಾಂಶ. ಅದೇ ಅಂಕಿಗಳನ್ನು ಎತ್ತಿಕೊಂಡು ನಗರದ ಕುಟುಂಬಗಳ ಕಾಫಿ ಖರ್ಚನ್ನು ಅಂದಾಜು ಮಾಡುವ ನಮ್ಮ ಅಂಗಡಿಗೆ ದ್ವಿತೀಯಕ ದತ್ತಾಂಶ. ಅಂಗಡಿಯ ಹಳೆಯ ಬಿಲ್ಲುಗಳೂ ದ್ವಿತೀಯಕವೇ, ಏಕೆಂದರೆ ಅವು ಲೆಕ್ಕಪತ್ರಕ್ಕಾಗಿ ಹುಟ್ಟಿದವೇ ಹೊರತು ಈ ಪ್ರಶ್ನೆಗಾಗಿ ಅಲ್ಲ. "ನಮ್ಮದೇ ಅಂಗಡಿಯ ದಾಖಲೆ, ಆದ್ದರಿಂದ ಪ್ರಾಥಮಿಕ" ಎಂಬ ಉತ್ತರವನ್ನು ತಡೆಯಲೆಂದೇ ಬಿಲ್ಲುಗಳ ಪ್ರಶ್ನೆಯನ್ನು ಸೇರಿಸಿದ್ದೇನೆ. ಕಾಫಿಗೆ ಎಷ್ಟು ಖರ್ಚಾಗುತ್ತದೆ ಎಂಬುದು ಸರ್ಕಾರಿ ಸಮೀಕ್ಷೆಯಿಂದ ತಿಳಿಯಬಹುದು, ಆದರೆ ಚಿಕೋರಿ ಎಷ್ಟಿದ್ದರೆ ಜನಕ್ಕೆ ಇಷ್ಟ ಎಂಬುದನ್ನು ಕೇಳಿಯೇ ತಿಳಿಯಬೇಕು.

ಕೇಳುವುದು ಯಾರನ್ನು ಎಂಬಲ್ಲಿ ಮೂರು ವಿನ್ಯಾಸಗಳನ್ನು ಒಟ್ಟಿಗೆ ಇಟ್ಟಿದ್ದೇನೆ. ಮೊದಲನೆಯದರಲ್ಲಿ ನಗರದ 65 ವಾರ್ಡುಗಳ ಪೈಕಿ ಪ್ರತಿಯೊಂದರಿಂದಲೂ ಮನೆಗಳ ಪಟ್ಟಿ ಹಿಡಿದು ಚೀಟಿ ಎತ್ತಿ ಕೆಲವು ಮನೆಗಳನ್ನು ಆರಿಸಲಾಗುತ್ತದೆ. ಇದು ಸ್ತರೀಕೃತ ಪ್ರತಿಚಯನ. ಎರಡನೆಯದರಲ್ಲಿ ನಗರದ ಬೀದಿಗಳ ಪಟ್ಟಿಯಿಂದ ಕೆಲವು ಬೀದಿಗಳನ್ನು ಮಾತ್ರ ಚೀಟಿಯಲ್ಲಿ ಎತ್ತಿ, ಆ ಬೀದಿಗಳ ಎಲ್ಲ ಮನೆಗಳಿಗೂ ಹೋಗಲಾಗುತ್ತದೆ. ಇದು ಗುಚ್ಛ ಪ್ರತಿಚಯನ. ಎಲ್ಲ ಗುಂಪುಗಳಿಂದ ಕೆಲವರೋ, ಕೆಲವು ಗುಂಪುಗಳಿಂದ ಎಲ್ಲರೋ ಎಂದು ಕೇಳಿಕೊಂಡರೆ ಇವೆರಡೂ ಬೇರೆಯಾಗುತ್ತವೆ. ಮೂರನೆಯದು ನೋಡಲು ಮೊದಲನೆಯದರಂತೆಯೇ ಇದೆ: ಪ್ರತಿ ವಾರ್ಡಿನಲ್ಲಿ ಹತ್ತು ಮಂದಿಯನ್ನು ಮಾತನಾಡಿಸಬೇಕು. ಆದರೆ ಆ ಹತ್ತು ಮಂದಿ ಯಾರೆಂಬುದನ್ನು ಸಂದರ್ಶಕನೇ ನಿರ್ಧರಿಸುವುದರಿಂದ ಅದು ಕೋಟಾ ವಿಧಾನವಾಗುತ್ತದೆ. ಅಂಥವನು ಬಾಗಿಲು ತೆರೆದಿರುವ ಮನೆಗೇ ಹೋಗುತ್ತಾನೆ, ಬೆಳಿಗ್ಗೆ ಕೆಲಸಕ್ಕೆ ಹೊರಟವರು ತಪ್ಪಿಹೋಗುತ್ತಾರೆ, ಮತ್ತು ಯಾರಿಗೆ ಎಷ್ಟು ಅವಕಾಶವಿತ್ತೆಂದು ಹೇಳಲಾಗದ ಕಾರಣ ಪ್ರತಿಚಯನ ದೋಷವನ್ನು ಲೆಕ್ಕಹಾಕಲು ಆಧಾರವೇ ಉಳಿಯುವುದಿಲ್ಲ.

ಗುಚ್ಛದಲ್ಲಿ ಖರ್ಚು ಕಡಿಮೆ, ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ಅಂಕಿಯಲ್ಲಿ ತೋರಿಸಬೇಕೆನಿಸಿತು. ಒಂದೇ ಬೀದಿಯವರ ರುಚಿಗಳು ಸ್ವಲ್ಪ ಹೋಲುತ್ತವೆ. 30 ಬೀದಿಗಳು, ಬೀದಿಗೆ 20 ಮನೆ, ಹೋಲಿಕೆಯ ಗುಣಾಂಕ 0.05 ಎಂದಿಟ್ಟುಕೊಂಡರೆ, ಅಷ್ಟೇ ನಿಖರತೆಗೆ ಎಷ್ಟು ಪಟ್ಟು ಮನೆಗಳು ಬೇಕೆಂದು ತಿಳಿಸುವ ವಿನ್ಯಾಸ ಪರಿಣಾಮ, ಅಂದರೆ deff, ಹೀಗೆ ಬರುತ್ತದೆ:

```
deff = 1 + (20 − 1) × 0.05 = 1.95
600 / 1.95 ≈ 308
```

ಅಂದರೆ 600 ಮನೆಗಳ ಉತ್ತರ, ಸರಳ ಯಾದೃಚ್ಛಿಕವಾಗಿ ಆರಿಸಿದ ಸುಮಾರು 308 ಮನೆಗಳ ಉತ್ತರದಷ್ಟೇ ನಿಖರ.

ನನಗೆ ಹೆಚ್ಚು ಹಿಡಿಸಿದ ಪ್ರಶ್ನೆ ಮುಂದಿನದು. ಅಂಗಡಿಯಿಂದ ಹೊರಬರುವವರಲ್ಲಿ ಮೊದಲ ಹತ್ತರೊಳಗೆ ಒಬ್ಬರನ್ನು ಚೀಟಿ ಎತ್ತಿ ಗುರುತಿಸಿ, ಅಲ್ಲಿಂದ ಪ್ರತಿ ಹತ್ತನೆಯವರನ್ನು ಮಾತನಾಡಿಸಲಾಗುತ್ತದೆ. ಇದು ವ್ಯವಸ್ಥಿತ ಪ್ರತಿಚಯನವೆಂಬ ಉತ್ತರ ಸರಿಯೇ. ಆದರೆ ಹೀಗೆ ಆರಿಸಲಾಗುವುದು ಭೇಟಿಗಳನ್ನೇ ಹೊರತು ಗ್ರಾಹಕರನ್ನಲ್ಲ. ಒಂದು ತಿಂಗಳ ಸಮೀಕ್ಷೆಯಲ್ಲಿ, ವಾರಕ್ಕೊಮ್ಮೆ ಕಾಲು ಕೆ.ಜಿ. ಒಯ್ಯುವವರಿಗೆ ತಿಂಗಳಿಗೊಮ್ಮೆ ಒಂದು ಕೆ.ಜಿ. ಒಯ್ಯುವವರಿಗಿಂತ ನಾಲ್ಕು ಪಟ್ಟು ಅವಕಾಶವಿದೆ. ಮಾತನಾಡಿಸಿದ 100 ಮಂದಿಯಲ್ಲಿ 60 ಮಂದಿ ವಾರದವರು, 40 ಮಂದಿ ತಿಂಗಳಿನವರು ಎಂದುಕೊಳ್ಳೋಣ. ಪ್ರತಿಯೊಬ್ಬರ ಉತ್ತರಕ್ಕೂ ಭೇಟಿಗಳ ಸಂಖ್ಯೆಯಿಂದ ಭಾಗಿಸಿದ ತೂಕ ಕೊಟ್ಟರೆ ವಾರದವರ ಪಾಲು 60/4, ಅಂದರೆ 15, ತಿಂಗಳಿನವರದು 40. ಗ್ರಾಹಕರಲ್ಲಿ ವಾರದವರು 55ಕ್ಕೆ 15, ಸುಮಾರು ಶೇ. 27 ಮಾತ್ರ. ಹೊಸ ಮಿಶ್ರಣ ವಾರದವರಿಗೆ ಮೆಚ್ಚುಗೆಯಾಗಿ ತಿಂಗಳಿನವರಿಗೆ ಬೇಡವಾಗಿದ್ದರೆ, ತೂಕವಿಲ್ಲದ ಫಲಿತಾಂಶ ಅಂಗಡಿಯನ್ನು ದಾರಿ ತಪ್ಪಿಸುತ್ತದೆ. ಆದ್ದರಿಂದ "ಕಳೆದ ತಿಂಗಳು ಎಷ್ಟು ಬಾರಿ ಬಂದಿರಿ?" ಎಂಬ ಪ್ರಶ್ನೆ ಆ ಪ್ರಶ್ನಾವಳಿಯಲ್ಲಿ ಇರಲೇಬೇಕು, ಅದಿಲ್ಲದೆ ತೂಕ ಕೊಡುವ ದಾರಿಯಿಲ್ಲ. ಇಷ್ಟಾದರೂ ಅಂಗಡಿಗೆ ಎಂದೂ ಬಾರದವರ ಅಭಿಪ್ರಾಯ ಈ ವಿನ್ಯಾಸಕ್ಕೆ ನಿಲುಕುವುದಿಲ್ಲ.

ಪಟ್ಟಿಯ ಕ್ರಮದಲ್ಲೇ ಆವರ್ತನೆ ಅಡಗಿರುವ ವಿನ್ಯಾಸವನ್ನು ಮುಂದಿನ ಕಂತಿಗೆ ಬರೆಯುತ್ತಿದ್ದೇನೆ: ಮಹಡಿಗೆ 12 ಮನೆಗಳಿರುವ ವಸತಿ ಸಮುಚ್ಚಯದಲ್ಲಿ, ಮಹಡಿಯ ಕ್ರಮದಲ್ಲೇ ಬರೆದ ಪಟ್ಟಿಯಿಂದ ಪ್ರತಿ 12ನೆಯ ಮನೆಯನ್ನು ಆರಿಸಿದಾಗ, ಎಲ್ಲ ಮಹಡಿಗಳಲ್ಲೂ ಒಂದೇ ಮೂಲೆಯ ದೊಡ್ಡ ಮನೆಯೇ ಬರುವ ಸಾಧ್ಯತೆ ಇರುವಂಥದ್ದು.