ಕತ್ತಿ ಹಿಡಿಯ ಬಳೆಗೆ ಇಂಗ್ಲಿಷಲ್ಲಿ ಏನಂತಾರೆ

ಹೋದ ಆಷಾಢದಲ್ಲಿ ನಡೆದದ್ದು ಇದು. ತೀರ್ಥಹಳ್ಳಿ ಕಡೆ ಮಳೆ ಹಿಡ್ಕೊಂಡ್ರೆ ಗೊತ್ತಲ್ಲ, ಬೆಳಗ್ಗೆ ಕರೆಂಟ್ ಹೋದ್ರೆ ಸಂಜೆಗೆ ಬಂದ್ರೆ ಬಂತು. ಅಂಥ ದಿನ ಬೆಂಗಳೂರಿಂದ ಅಣ್ಣನ ಮಗ ಫೋನ್ ಮಾಡಿದ. ನಮ್ಮೂರ ಆಚಾರ್ರು ಕುಲುಮೇಲಿ ಮಾಡೋ ಕತ್ತಿಗಳನ್ನ ಅವನು ಆನ್‌ಲೈನಲ್ಲಿ ಮಾರೋಕೆ ಹಾಕ್ತಿದ್ದಾನೆ, "ಚಿಕ್ಕಪ್ಪ, ಫೋಟೋ ಎಲ್ಲ ಆಯ್ತು, ಇಂಗ್ಲಿಷಲ್ಲಿ ನಾಲ್ಕು ಸಾಲು ವಿವರಣೆ ನೀವು ಬರ್ದುಕೊಡಿ" ಅಂದ. ಅಲಗು, ಹಿಡಿ, ಮರ ಎಲ್ಲ ಬರ್ದೆ. ಹಿಡಿಯ ಬಾಯಿಗೆ ಹಾಕಿರ್ತಾರಲ್ಲ ಹಿತ್ತಾಳೆ ಬಳೆ, ಅದರ ಹತ್ರ ಬಂದು ಪೆನ್ನು ನಿಂತುಹೋಯ್ತು.

ಅದಕ್ಕೊಂದು ಇಂಗ್ಲಿಷ್ ಪದ ಇದೆ, ನಾನೇ ಎಷ್ಟೋ ಸಲ ಓದಿದ್ದೀನಿ, ಊರುಗೋಲಿನ ವಿಷಯದಲ್ಲೋ ಕೊಡೆ ವಿಷಯದಲ್ಲೋ ಬಂದಿತ್ತು. ನಾಲಿಗೆ ತುದೀಲಿ ಕೂತಿದೆ, ಬರ್ತಿಲ್ಲ. ಫ ಅಕ್ಷರದಿಂದ ಶುರು ಅಂತ ಮಾತ್ರ ಅನ್ನಿಸ್ತಿತ್ತು, ಬಾಯಿಗೆ ಬರ್ತಿದ್ದದ್ದು ಫೆರೆಟ್, ಫೆರಲ್, ಫೆನಲ್, ಯಾವುದೂ ಅಲ್ಲ ಅಂತ ಹೇಳಿದ ತಕ್ಷಣ ಗೊತ್ತಾಗ್ತಿತ್ತು. ಹೀಗಾಗೋದು ಬರೀ ನನಗಲ್ಲ. 1966ರಲ್ಲಿ ಬ್ರೌನ್ ಮತ್ತೆ ಮೆಕ್‌ನೀಲ್ ಅಂತ ಇಬ್ರು ಮನಶ್ಶಾಸ್ತ್ರಜ್ಞರು ಅಪರೂಪದ ಪದಗಳ ಅರ್ಥ ಓದಿ ಹೇಳಿ, ವಿದ್ಯಾರ್ಥಿಗಳಿಗೆ ಪದ ಹೇಳೋಕೆ ಬಿಟ್ಟಿದ್ರು. ಪದ ನಾಲಿಗೆ ತುದೀಲಿ ಸಿಕ್ಕಿಕೊಂಡವರು ಮೊದಲ ಅಕ್ಷರವನ್ನ ಅರ್ಧಕ್ಕಿಂತ ಹೆಚ್ಚು ಸಲ ಸರಿಯಾಗೇ ಹೇಳಿದ್ರಂತೆ. ಹಾಗಾಗಿ ಆ ಫ ಅನ್ನೋ ಅನಿಸಿಕೆಯನ್ನ ನಾನು ಎಸೀಲಿಲ್ಲ, ಆದರೆ ಪೂರ್ತಿ ನಂಬಲೂ ಇಲ್ಲ.

ನೆಟ್ ಇಲ್ಲದ್ದಕ್ಕೆ ಮೊದಲು ಕಪಾಟಿಂದ ಹಳೇ ರೋಜೆಟ್ ಥೆಸಾರಸ್ ತೆಗ್ದೆ. 1852ರಲ್ಲಿ ಮೊದಲು ಬಂದ ಪುಸ್ತಕ ಅದು, ಪದಗಳನ್ನ ಅಕಾರಾದಿಯಾಗಿ ಅಲ್ಲ, ಅರ್ಥದ ಗುಂಪುಗಳಾಗಿ ಜೋಡಿಸಿರೋದು ಅದರ ವಿಶೇಷ. ಹಿಂದಿನ ಸೂಚಿಯಲ್ಲಿ ರಿಂಗ್ ಹುಡುಕಿ, ಅದು ತೋರ್ಸಿದ ಗುಂಪಿಗೆ ಹೋದ್ರೆ ವೃತ್ತ, ಚಕ್ರ, ಕುಣಿಕೆ, ಕೈಬಳೆ, ಹೀಗೆ ದುಂಡಗಿರೋದೆಲ್ಲ ಇತ್ತು. ಅಲ್ಲೇ ನನಗೆ ತಪ್ಪು ಗೊತ್ತಾಗಿದ್ದು. ನಾನು ಹುಡುಕ್ತಿದ್ದದ್ದು ಆಕಾರದ ಪದ ಅಲ್ಲ, ಕೆಲಸದ ಪದ.

ನಾಲ್ಕು ಗಂಟೆ ಹೊತ್ತಿಗೆ ಕರೆಂಟು ಬಂತು, ನೆಟ್ಟೂ ಬಂತು. ವನ್‌ಲುಕ್ ಅಂತ ಒಂದು ಸೈಟಿದೆ, ಅದರ ಥೆಸಾರಸ್ ಪೇಜಲ್ಲಿ ಪದದ ಬದಲು ವಿವರಣೆ ಹಾಕಿದ್ರೆ ಪದಗಳ ಪಟ್ಟಿ ಕೊಡುತ್ತೆ. ಅವಸರಕ್ಕೆ ಹಾಕಿದ್ದು ಹೀಗೆ:

```
ring on a knife
```

ಬಂದದ್ದು ಮದುವೆ ಉಂಗುರದ ಕಡೆಯವೂ ಗಂಟೆ ಬಾರಿಸೋ ಕಡೆಯವೂ. ರಿಂಗ್ ಅನ್ನೋ ಪದಕ್ಕೆ ಅರ್ಥ ಬಹಳ, ಅದು ಯಾವ ಕಡೆ ಬೇಕಾದ್ರೂ ಎಳ್ಕೊಂಡು ಹೋಗುತ್ತೆ. ಸರಿ, ಕತ್ತಿಯ ಭಾಗ ಅಂತ ಹೇಳೋಣ ಅಂದ್ಕೊಂಡು `part of a knife` ಅಂತ ಹಾಕಿದೆ. ಈ ಸಲ ಟ್ಯಾಂಗ್, ಹಿಲ್ಟ್, ಬೋಲ್ಸ್ಟರ್ ಇಂಥವು. ಬೋಲ್ಸ್ಟರ್ ನೋಡಿ ಒಂದು ಕ್ಷಣ ಇದೇನಾ ಅಂತ ಅನ್ನಿಸ್ತು, ಯಾಕಂದ್ರೆ ಅದೂ ಅಲಗು ಹಿಡಿ ಸೇರೋ ಜಾಗದಲ್ಲೇ ಇರೋದು. ಆದರೆ ಅದರ ಅರ್ಥ ತೆಗೆದು ಓದಿದ್ರೆ, ಅಡುಗೆಮನೆ ಚಾಕುಗಳಲ್ಲಿ ಅಲಗಿನ ಬುಡದಲ್ಲಿ ದಪ್ಪಗೆ ಬರೋ ಲೋಹದ ಗೆಣ್ಣು ಅದು. ನಮ್ಮದು ಮರದ ಸುತ್ತ ಕೂರೋ ಬಳೆ. ಅದೂ ಅಲ್ಲದೆ ಬೋಲ್ಸ್ಟರ್ ಓದಿದಾಗ ಮನಸ್ಸಲ್ಲಿ "ಹಾಂ, ಇದೇ" ಅಂತ ಏನೂ ಆಗ್ಲಿಲ್ಲ. ಹತ್ತಿರದ ಪದ ಸಿಕ್ತು ಅಂತ ಅಲ್ಲಿಗೇ ನಿಲ್ಲಿಸಿಬಿಡೋದು ಈ ಹುಡುಕಾಟದಲ್ಲಿ ಎಲ್ಲಕ್ಕಿಂತ ಸುಲಭದ ತಪ್ಪು.

ಆಗ ಯೋಚನೆ ಮಾಡ್ದೆ, ಈ ಹುಡುಕಾಟ ನಡೆಯೋದು ಡಿಕ್ಷನರಿಗಳ ಅರ್ಥವಿವರಣೆಗಳ ಆಧಾರದ ಮೇಲಲ್ವಾ, ಹಾಗಾದ್ರೆ ನಾನೂ ಡಿಕ್ಷನರಿ ಬರೆಯೋರ ಥರ ಬರೀಬೇಕು. ಅವರು ಇದು ಯಾವ ಜಾತಿ ವಸ್ತು, ಎಲ್ಲಿರುತ್ತೆ, ಯಾತಕ್ಕಿರುತ್ತೆ ಅಂತ ಮೂರು ಮಾತಲ್ಲಿ ಮುಗಿಸ್ತಾರೆ. ಯಾತಕ್ಕೆ ಅಂತ ಕೇಳ್ಕೊಂಡಾಗ ಆಚಾರ್ರ ಕುಲುಮೆ ಕಣ್ಮುಂದೆ ಬಂತು. ಕತ್ತಿಯ ಬಾಲ ಕಾಯಿಸಿ ಹಿಡಿಯ ತೂತಿಗೆ ಬಡಿದು ಕೂರಿಸ್ತಾರೆ, ಆಗ ಮರ ಸೀಳಿಹೋಗದೇ ಇರಲಿ ಅಂತ ಮೊದಲೇ ಬಾಯಿಗೆ ಬಳೆ ಹಾಕಿರ್ತಾರೆ. ಸೀಳದ ಹಾಗೆ ತಡೆಯೋದೇ ಅದರ ಕೆಲಸ! ಕತ್ತಿ ಅನ್ನೋ ಪದವನ್ನೇ ಬಿಟ್ಟುಬಿಟ್ಟೆ, ಯಾಕಂದ್ರೆ ಉಳಿ, ಊರುಗೋಲು, ಕೊಡೆ ಎಲ್ಲದಕ್ಕೂ ಇದೇ ಬಳೆ ಇರುತ್ತೆ, ಡಿಕ್ಷನರಿಯಲ್ಲಿ ಕತ್ತಿ ಅಂತ ಬರ್ದಿರಲೇಬೇಕು ಅಂತೇನಿಲ್ಲ.

```
metal band on wooden handle to prevent splitting
```

ಪಟ್ಟಿಯಲ್ಲಿ ಕಣ್ಣಾಡಿಸ್ತಾ ಹೋದ್ರೆ `ferrule`. ಫೆರೂಲ್! ಆ ಕ್ಷಣದ ಖುಷಿ ಹೇಳೋಕಾಗಲ್ಲ, ಬೆಳಗ್ಗೆಯಿಂದ ಗಂಟಲಲ್ಲಿ ಸಿಕ್ಕಿದ್ದ ಮುಳ್ಳು ಹೋದ ಹಾಗಾಯ್ತು. ಫ ಬಗ್ಗೆ ನನ್ನ ನೆನಪು ಎಷ್ಟು ಉಪಯೋಗಕ್ಕೆ ಬರ್ತಿತ್ತು ಅಂತ ಆಮೇಲೆ ಬೇರೆ ಪರೀಕ್ಷೆ ಮಾಡ್ದೆ. ಅಲ್ಲಿ ಮೊದಲ ಅಕ್ಷರ, ನಕ್ಷತ್ರ ಚಿಹ್ನೆ, ಕೋಲನ್, ಆಮೇಲೆ ವಿವರಣೆ ಹೀಗೆ ಹಾಕಿದ್ರೆ ಆ ಅಕ್ಷರದಿಂದ ಶುರುವಾಗೋ ಪದಗಳು ಮಾತ್ರ ಬರ್ತವೆ:

```
f*:metal band on handle
```

ಪಟ್ಟಿ ಬಹಳ ಚಿಕ್ಕದಾಗುತ್ತೆ. ಆದರೆ ಅಕ್ಷರದ ನೆನಪೇ ತಪ್ಪಾಗಿದ್ರೆ ಬೇಕಾದ ಪದವೂ ಸೋಸಿ ಹೋಗುತ್ತೆ, ಅದಕ್ಕೇ ನಾನು ಅದನ್ನ ಮೊದಲು ಬಳಸಲಿಲ್ಲ.

ಕಳಿಸೋ ಮುಂಚೆ ಮಾಮೂಲಿ ಡಿಕ್ಷನರೀಲಿ ತೆಗೆದು ನೋಡಿದ್ದು ಒಳ್ಳೇದಾಯ್ತು. ಒಂದೇ ಆರ್ ಇರೋ `ferule` ಅಂತ ಬೇರೆ ಪದ ಇದೆ, ಅದು ಹಿಂದೆ ಶಾಲೆಮಕ್ಕಳಿಗೆ ಹೊಡೀತಿದ್ದ ಬೆತ್ತ. ನಾನು ಚೀಟೀಲಿ ಬರ್ಕೊಂಡಿದ್ದದ್ದು ಒಂದೇ ಆರ್! ಅಲ್ಲೇ ಕೆಳಗೆ ಪದದ ಮೂಲ ಕೊಟ್ಟಿದ್ರು, ಅದನ್ನ ಎರಡು ಸಲ ಓದಿದೆ. ಲ್ಯಾಟಿನ್ನಿನ ವಿರಿಯೋಲಾದಿಂದ ಹಳೇ ಫ್ರೆಂಚಿನ ವಿರೋಲ್ ಆಗಿ ಇಂಗ್ಲಿಷಿಗೆ ಬಂದದ್ದಂತೆ, ಆಮೇಲೆ ಕಬ್ಬಿಣಕ್ಕೆ ಲ್ಯಾಟಿನ್ನಲ್ಲಿ ಫೆರ್ರುಮ್ ಅಂತಾರಲ್ಲ, ಅದರ ಪ್ರಭಾವದಿಂದ ಮೊದಲಿದ್ದ ವ ಹೋಗಿ ಫ ಆಯ್ತು. ವಿರಿಯೋಲಾ ಅಂದ್ರೆ ಚಿಕ್ಕ ಕೈಬಳೆ.

ಅಮ್ಮಂಗೆ ಹೇಳಿದೆ. "ಒನಕೆ ತುದಿಗೆ ಹಾಕ್ತಾರಲ್ಲ ಅಣಸು, ಅದೇ ಅಲ್ವೇನೋ, ಅದಕ್ಯಾಕೆ ಇಷ್ಟು ಒದ್ದಾಡ್ದೆ" ಅಂದ್ರು. ನಿಜ, ಅಣಸು ಅನ್ನೋ ಪದ ನೆನಪಿದ್ದಿದ್ರೆ ಒಂದು ಕನ್ನಡ-ಇಂಗ್ಲಿಷ್ ನಿಘಂಟು ಸಾಕಾಗ್ತಿತ್ತೋ ಏನೋ. ನನ್ನ ತಲೇಲಿ ಇದ್ದದ್ದು ಬಳೆ ಒಂದೇ.

ಮಾರನೇ ದಿನ ಮಳೆ ಸ್ವಲ್ಪ ಹೊಳವಾದಾಗ ಕುಲುಮೆ ಹತ್ರ ಹೋಗಿ, "ಆಚಾರ್ರೇ, ನೀವು ಬಳೆ ಅಂತೀರಲ್ಲ, ಇಂಗ್ಲಿಷಿನೋರ ಪದಕ್ಕೂ ಹುಟ್ಟಿದಾಗ ಬಳೆ ಅಂತಲೇ ಅರ್ಥ ಇತ್ತಂತೆ" ಅಂದೆ. ಅವರು ಹಿತ್ತಾಳೆ ಪೈಪು ಗರಗಸದಲ್ಲಿ ಕುಯ್ತಿದ್ರು. "ಮತ್ತೆ, ಬಳೆ ಥರ ಇದ್ರೆ ಇನ್ನೇನಂತಾರೆ ಮಾರಾಯ್ರೆ" ಅಂತ ಹೇಳಿ, ಕುಯ್ದ ಬಳೆಯನ್ನ ಹಿಡಿಯ ಬಾಯಿಗಿಟ್ಟು ಸುತ್ತಿಗೇಲಿ ಒಂದು ಏಟು ಹಾಕಿದ್ರು.