ಐದು ಪ್ರಶ್ನೆಗೆ ಮೂರು ದಿನ

"ಗದ್ಯ ನಿಮ್ಮ ಕಣ್ಣೆದುರೇ ಇದೆ, ಉತ್ತರವೂ ಅದರೊಳಗೇ ಇದೆ. ಐದು ಪ್ರಶ್ನೆ ಬರೆಯುವುದಕ್ಕೆ ಮೂರು ದಿನ ಯಾಕೆ ಬೇಕು ಟೀಚರೇ?"

ಉತ್ತರ ಅದರೊಳಗೇ ಇರುವುದರಿಂದ. ಪರೀಕ್ಷೆಗೆ ಗದ್ಯ ಕೊಟ್ಟು ಪ್ರಶ್ನೆ ಬರೆಯುವ ನನ್ನನ್ನು ಹೀಗೆ ಕೇಳಿದವರಿಗೆ ಇಷ್ಟು ಹೇಳಿ ಗೋಣಿಕೊಪ್ಪ ಬಸ್ ನಿಲ್ದಾಣದಲ್ಲಿ ಎಷ್ಟೋ ಸಲ ಬಸ್ಸು ಹತ್ತಿದ್ದೇನೆ. ಮದುವೆ ಮನೆಗಳಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲವಾದ್ದರಿಂದ ಒಮ್ಮೆ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಮೊದಲು ಈ ವಾಕ್ಯವನ್ನು ಓದಿ: "ಗುಳಕನು ತಿಮಟೆಗೆ ಸೊರಡವನ್ನು ಮೆಳಗಿದನು." ಈಗ ಪ್ರಶ್ನೆ: ಗುಳಕನು ಯಾವುದಕ್ಕೆ ಸೊರಡವನ್ನು ಮೆಳಗಿದನು? ತಿಮಟೆಗೆ ಎಂದಿರಿ, ಪೂರ್ಣ ಅಂಕ. ಗುಳಕ ಯಾರು, ಮೆಳಗುವುದು ಎಂದರೇನು ಎಂಬುದು ನಿಮಗೂ ಗೊತ್ತಿಲ್ಲ, ವಾಕ್ಯ ಕಟ್ಟಿದ ನನಗೂ ಗೊತ್ತಿಲ್ಲ. ಕನ್ನಡದ ವಿಭಕ್ತಿ ಪ್ರತ್ಯಯ ಎಷ್ಟು ನಿಷ್ಠಾವಂತವೆಂದರೆ, "ಯಾವುದಕ್ಕೆ" ಎಂದು ಕೇಳಿದೊಡನೆ ಮಗುವಿನ ಕಣ್ಣು ಗದ್ಯದಲ್ಲಿ "ಗೆ" ಅಥವಾ "ಕ್ಕೆ" ಎಂದು ಮುಗಿಯುವ ಪದವನ್ನು ಹುಡುಕಿ ನಿಲ್ಲುತ್ತದೆ. ಗದ್ಯದ ವಾಕ್ಯವನ್ನೇ ತಿರುಗಿಸಿ, ಒಂದು ಪದದ ಜಾಗದಲ್ಲಿ "ಎಲ್ಲಿ", "ಯಾರು", "ಯಾರಿಗೆ" ಎಂದು ಸೇರಿಸಿ ಬರೆದ ಪ್ರಶ್ನೆ ಅಳೆಯುವುದು ಈ ಹುಡುಕಾಟವನ್ನೇ ಹೊರತು ಓದನ್ನಲ್ಲ. ಐದು ನಿಮಿಷದಲ್ಲಿ ಬರೆಯಬಹುದಾದ ಪ್ರಶ್ನೆಗಳು ಇವೇ, ಒಪ್ಪಿಕೊಳ್ಳುತ್ತೇನೆ.

ಈಚೆಗೆ ಎಂಟನೆಯ ತರಗತಿಗೆಂದು, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಯ ಮೇಲೆ ನಾನೇ ಬರೆದ ಗದ್ಯ ಇದು:

"ಮಾರ್ಚ್ ಮೊದಲ ವಾರ ಹೂಮಳೆ ಬಿತ್ತು. ಅಜ್ಜ ಅಂದೇ ಸ್ಪ್ರಿಂಕ್ಲರ್ ಪೈಪುಗಳನ್ನು ಬಿಚ್ಚಿಸಿ ಕೊಟ್ಟಿಗೆಗೆ ಸಾಗಿಸಿದರು. ಎಂಟನೆಯ ದಿನ ತೋಟವೆಲ್ಲ ಹೂವಿನಿಂದ ಬೆಳ್ಳಗಾಯಿತು. ಆಮೇಲೆ ಮೂರು ವಾರ ಕಳೆದರೂ ಒಂದು ಹನಿ ಬೀಳಲಿಲ್ಲ. ಅಜ್ಜ ಆಕಾಶ ನೋಡುವುದನ್ನು ಬಿಟ್ಟು ಕೊಟ್ಟಿಗೆಯ ಬೀಗದ ಕೈ ಹುಡುಕತೊಡಗಿದರು."

"ಪೈಪುಗಳನ್ನು ಎಲ್ಲಿಗೆ ಸಾಗಿಸಿದರು?" ಎಂದು ಕೇಳಿದರೆ ಅದು ಗುಳಕನ ಪ್ರಶ್ನೆ. ಅದರ ಬದಲು "ಹೂಮಳೆಯಾದ ದಿನ ಅಜ್ಜ ಮಾಡಿಸಿದ ಕೆಲಸ ಯಾವುದು?" ಎಂದು ಕೇಳುತ್ತೇನೆ. ಇದೂ ನೇರ ಪ್ರಶ್ನೆಯೇ, ಉತ್ತರ ಒಂದೇ ವಾಕ್ಯದಲ್ಲಿದೆ. ಆದರೆ "ಅಂದೇ" ಎಂಬ ಪದ ಹಿಂದಿನ ವಾಕ್ಯದ ಯಾವ ದಿನವನ್ನು ತೋರಿಸುತ್ತದೆ ಎಂದು ತಿಳಿಯದ ಮಗುವಿಗೆ ಅದು ದಕ್ಕುವುದಿಲ್ಲ. ಮುಂದಿನದು: "ಹೂ ಅರಳಿದಾಗ ಪೈಪುಗಳು ಎಲ್ಲಿದ್ದವು?" ಉತ್ತರ ಗದ್ಯದಲ್ಲಿದೆ, ಆದರೆ ಯಾವ ಒಂದು ವಾಕ್ಯದಲ್ಲೂ ಇಲ್ಲ, ಎರಡನೆಯ ಮತ್ತು ಮೂರನೆಯ ವಾಕ್ಯಗಳನ್ನು ಜೋಡಿಸಬೇಕು. ಅಮೆರಿಕದ ಶಿಕ್ಷಣತಜ್ಞ ಥಾಮಸ್ ಬ್ಯಾರೆಟ್ ಅವರು 1960ರ ದಶಕದಲ್ಲಿ ಮಾಡಿದ ಓದಿನ ಗ್ರಹಿಕೆಯ ವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಮೆಟ್ಟಿಲೇ ಇದೆ, ನೇರ ಗ್ರಹಿಕೆಗೂ ಊಹೆಗೂ ನಡುವೆ. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಅತಿ ಹೆಚ್ಚು ಖಾಲಿ ಉಳಿಯುವ ಮೆಟ್ಟಿಲೂ ಅದೇ ಎಂಬುದು ನನ್ನ ಅನಿಸಿಕೆ: ನಾಲ್ಕು ಗುಳಕನ ಪ್ರಶ್ನೆ ಬರೆದು, ಐದನೆಯದರಲ್ಲಿ "ಇದರಿಂದ ನೀವು ಕಲಿತ ನೀತಿಯೇನು?" ಎಂದು ಒಮ್ಮೆಗೇ ಅಟ್ಟಕ್ಕೆ ಹಾರುತ್ತೇವೆ.

ಇನ್ನು ಊಹೆಯ ಪ್ರಶ್ನೆ. ಇಲ್ಲಿ ನಾನು ಕೆಟ್ಟದಾಗಿ ಬಿದ್ದಿದ್ದೇನೆ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ಇದೇ ಹೂಮಳೆಯ ಮೇಲೆ ಬೇರೊಂದು ಗದ್ಯ ಬರೆದು, ಕೊನೆಯಲ್ಲಿ "ಹೂ ಅರಳಿದ ಮೇಲೆ ಮತ್ತೆ ಮಳೆ ಬಾರದಿದ್ದರೆ ಏನಾಗುತ್ತದೆ?" ಎಂದು ಕೇಳಿದ್ದೆ. ತೋಟದ ಮನೆಗಳಿಂದ ಬಂದ ಮಕ್ಕಳೆಲ್ಲ "ಬ್ಯಾಕಿಂಗ್ ಮಳೆ ಸಿಗದಿದ್ದರೆ ಕಾಯಿ ಕಚ್ಚುವುದಿಲ್ಲ, ಫಸಲು ಕಡಿಮೆಯಾಗುತ್ತದೆ" ಎಂದು ಸೊಗಸಾಗಿ ಬರೆದರು. ತಂದೆಯ ವರ್ಗಾವಣೆಯಿಂದ ಆ ವರ್ಷವಷ್ಟೇ ಬಯಲುಸೀಮೆಯಿಂದ ಬಂದಿದ್ದ, ತರಗತಿಯಲ್ಲೇ ಚೆನ್ನಾಗಿ ಓದುತ್ತಿದ್ದ ಒಬ್ಬ ಹುಡುಗ "ಇದನ್ನು ಗದ್ಯದಲ್ಲಿ ಹೇಳಿಲ್ಲ" ಎಂದು ಬರೆದ. ನಾನು ಸೊನ್ನೆ ಹಾಕಿದೆ. ರಾತ್ರಿ ಅಂಕ ಕೂಡಿಸುವಾಗ ಸಂಶಯ ಬಂದು ಗದ್ಯವನ್ನು ಮತ್ತೆ ಓದಿದೆ. ನಿಜಕ್ಕೂ ಹೇಳಿರಲಿಲ್ಲ, ಊಹಿಸಲು ಬೇಕಾದ ಸುಳಿವನ್ನೂ ಕೊಟ್ಟಿರಲಿಲ್ಲ. ಇಡೀ ತರಗತಿಯಲ್ಲಿ ಗದ್ಯವನ್ನು ಓದಿ ಉತ್ತರಿಸಿದವನು ಅವನೊಬ್ಬನೇ. ಉಳಿದವರು ತಮ್ಮ ಅಪ್ಪನ ತೋಟವನ್ನು ಓದಿದ್ದರು. ನಾನು ಕೂಡ, ಏಕೆಂದರೆ ಉತ್ತರಸೂಚಿಯನ್ನು ಬರೆದದ್ದು ಕಾಫಿ ಬೆಳೆಗಾರರ ಮಗಳು.

ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಊಹೆಯ ಪ್ರಶ್ನೆ ಬರೆದೊಡನೆ, ಅದರ ಉತ್ತರಕ್ಕೆ ಆಧಾರವಾಗುವ ಎರಡು ವಾಕ್ಯಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಎಳೆಯಲಾಗದಿದ್ದರೆ ಪ್ರಶ್ನೆಯನ್ನು ಹೊಡೆದು ಹಾಕಬೇಕು. ಮೇಲಿನ ಗದ್ಯಕ್ಕೆ ನಾನು ಬರೆದದ್ದು: "ಬೀಗದ ಕೈ ಸಿಕ್ಕಿದ ಮೇಲೆ ಅಜ್ಜ ಏನು ಮಾಡಲಿದ್ದರು? ಹಾಗೆಂದು ತಿಳಿಸುವ ಎರಡು ವಾಕ್ಯಗಳನ್ನು ಬರೆಯಿರಿ." ಪೈಪು ಕೊಟ್ಟಿಗೆಯಲ್ಲಿದೆ, ಮಳೆ ಬಂದಿಲ್ಲ, ಕಾಫಿ ಗಿಡವನ್ನೇ ಕಾಣದ ಮಗುವೂ ಅಜ್ಜ ಪೈಪು ಹೊರತೆಗೆದು ನೀರು ಹಾಯಿಸುತ್ತಾರೆಂದು ತಲುಪಬಹುದು. ಉತ್ತರಕ್ಕೆ ಒಂದು ಅಂಕ, ಆಧಾರಕ್ಕೆ ಒಂದು. ಇನ್ನೂ ಒಂದು ಹೆಜ್ಜೆ ಮೇಲೆ: "ಅಲ್ಲಿಯವರೆಗೆ ಅಜ್ಜ ಯಾವ ನಿರೀಕ್ಷೆಯಲ್ಲಿದ್ದರು?" ಮಳೆ ಬಂದೀತೆಂದು. ಆ ಉತ್ತರ ನಿಂತಿರುವುದು "ನೋಡುವುದನ್ನು ಬಿಟ್ಟು" ಎಂಬಲ್ಲಿನ "ಬಿಟ್ಟು" ಎಂಬ ಒಂದೇ ಪದದ ಮೇಲೆ. ಅದನ್ನು "ನೋಡಿ" ಎಂದು ಬದಲಿಸಿದರೆ ಪ್ರಶ್ನೆಯೇ ಕುಸಿಯುತ್ತದೆ. ಹೀಗಾಗಿ ನಾನು ಪ್ರಶ್ನೆಗಾಗಿ ಗದ್ಯವನ್ನೂ, ಗದ್ಯಕ್ಕಾಗಿ ಪ್ರಶ್ನೆಯನ್ನೂ ತಿದ್ದುತ್ತಾ ಕೂರುತ್ತೇನೆ, ಮತ್ತು ಮೊದಲ ದಿನ ಅಲ್ಲಿಗೆ ಮುಗಿಯುತ್ತದೆ.

ನಿಜಕ್ಕೂ ಯಾರಾದರೂ ಕೇಳಬೇಕಾದದ್ದು ಎಷ್ಟು ದಿನ ಬೇಕು ಎಂದಲ್ಲ, ಗದ್ಯವನ್ನು ಮುಚ್ಚಿಟ್ಟರೆ ನಿಮ್ಮ ಪ್ರಶ್ನೆಗೆ ಉತ್ತರ ಬರುತ್ತದೆಯೇ ಎಂದು. ಇದುವರೆಗೆ ಒಬ್ಬರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡನೆಯ ದಿನ ಪ್ರಶ್ನೆಗಳನ್ನು ಮಾತ್ರ, ಗದ್ಯವಿಲ್ಲದೆ, ಪರೀಕ್ಷೆ ಬರೆಯದ ಇನ್ನೊಂದು ತರಗತಿಯ ಮಕ್ಕಳಿಗೆ ಕೊಡುತ್ತೇನೆ. ಬಹಳ ಮಂದಿ ಸರಿಯುತ್ತರ ಬರೆದರೆ ಆ ಪ್ರಶ್ನೆ ಕಸದ ಬುಟ್ಟಿಗೆ. ಈ ಸಲ "ಹೂ ಅರಳಿದಾಗ ಪೈಪುಗಳು ಎಲ್ಲಿದ್ದವು?" ಎಂಬುದಕ್ಕೆ ಹೆಚ್ಚಿನವರು "ತೋಟದಲ್ಲಿ" ಎಂದು ಬರೆದರು, ಏಕೆಂದರೆ ಅವರ ಮನೆಗಳಲ್ಲಿ ಆ ಹೊತ್ತಿಗೆ ಪೈಪು ಇರುವುದು ತೋಟದಲ್ಲೇ. ಅಷ್ಟೊಂದು ತಪ್ಪು ಉತ್ತರಗಳನ್ನು ಒಟ್ಟಿಗೆ ಕಂಡು ಸಂತೋಷಪಡುವ ಅವಕಾಶ ಬೇರೆ ಟೀಚರುಗಳಿಗೆ ಸಿಗಲಾರದು. "ಬೀಗದ ಕೈ ಸಿಕ್ಕಿದ ಮೇಲೆ" ಎಂಬ ಪ್ರಶ್ನೆಗೆ ಒಬ್ಬಳು "ಮನೆಯೊಳಗೆ ಹೋಗಲಿದ್ದರು" ಎಂದಿದ್ದಳು. ಗದ್ಯವಿಲ್ಲದೆ ಅದಕ್ಕಿಂತ ಒಳ್ಳೆಯ ಊಹೆ ಸಾಧ್ಯವೇ ಇಲ್ಲ.

ಮೂರನೆಯ ದಿನ ಎಲ್ಲವನ್ನೂ ಸಹೋದ್ಯೋಗಿಯೊಬ್ಬರ ಕೈಗಿಟ್ಟು, ಉತ್ತರಸೂಚಿ ತೋರಿಸದೆ, ಮಕ್ಕಳಂತೆಯೇ ಬರೆದುಕೊಡಿ ಎನ್ನುತ್ತೇನೆ. ಅವರದು ಹೈನುಗಾರಿಕೆಯ ಮನೆ. ಬೀಗದ ಕೈ ಸಿಕ್ಕಿದ ಮೇಲೆ ಅಜ್ಜ ಹಸುಗಳನ್ನು ಬಿಟ್ಟು ನೀರು ಕುಡಿಸಲು ಹೊಳೆಗೆ ಹೊಡೆದುಕೊಂಡು ಹೋಗಲಿದ್ದರು ಎಂದು ಬರೆದು, ಆಧಾರವಾಗಿ ಮಳೆಯಿಲ್ಲದ ಮೂರು ವಾರವನ್ನೂ ಕೊಟ್ಟಿಗೆಯ ಬೀಗವನ್ನೂ ತೋರಿಸಿದರು. ಕೊಟ್ಟಿಗೆ ಎಂದರೆ ಇನ್ನೇನು ಟೀಚರೇ ಎಂದರು. ಎರಡೂ ಅಂಕ ಕೊಡದೆ ನನಗೆ ದಾರಿಯಿರಲಿಲ್ಲ. ಗದ್ಯದ ಎರಡು ಕಡೆ ಕೊಟ್ಟಿಗೆಯನ್ನು ಹೊಡೆದು ಗೋದಾಮು ಎಂದು ಬರೆದು, ಪ್ರಶ್ನೆಗಳನ್ನು ಮೊದಲಿನಿಂದ ಓದಲು ಕುಳಿತೆ. ಈ ಸಲ ನಾಲ್ಕು ದಿನವಾಯಿತು.