ಇಂದು ಅವಳ ತಿಥಿಯ ಹುಟ್ಟುಹಬ್ಬ

ಇಂದು, 2025ರ ಏಪ್ರಿಲ್ 6ರಂದು, ಗೆಳತಿಗೆ ಹುಟ್ಟುಹಬ್ಬದ ಶುಭಾಶಯ ಕಳುಹಿಸಿದೆ. ಕೂಡಲೇ ಅವಳ ತಮ್ಮ, "ಅಕ್ಕನದು ಮಾರ್ಚ್ 30ಕ್ಕೇ ಮುಗಿಯಿತಲ್ಲ?" ಎಂದು ಕೇಳಿದ.

ಮುಗಿದದ್ದು ತಾರೀಖಿನ ಹುಟ್ಟುಹಬ್ಬ. ಅವಳು ಹುಟ್ಟಿದ್ದು 2004ರ ಮಾರ್ಚ್ 30ರ ಬೆಳಿಗ್ಗೆ, ಚೈತ್ರ ಶುದ್ಧ ನವಮಿಯಂದು, ಅಂದರೆ ರಾಮನವಮಿಯ ದಿನ. ಈ ವರ್ಷ ಆ ತಿಥಿ ಬಂದಿರುವುದು ಇಂದು.

ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನಗಳಷ್ಟೇ ಆಗುವುದರಿಂದ, ತಿಥಿಯು ಸಾಮಾನ್ಯವಾಗಿ ಪ್ರತಿ ವರ್ಷ ಹನ್ನೊಂದು ದಿನಗಳಷ್ಟು ಹಿಂದಕ್ಕೆ ಸರಿಯುತ್ತದೆ. ಹೀಗೆಯೇ ಸರಿಯುತ್ತ ಹೋದರೆ ಚೈತ್ರವು ಚಳಿಗಾಲಕ್ಕೆ ಬಂದುಬಿಡುತ್ತದೆ. ಅದನ್ನು ತಡೆಯಲೆಂದೇ ಎರಡು ಮೂರು ವರ್ಷಗಳಿಗೊಮ್ಮೆ ಅಧಿಕಮಾಸ ಬರುತ್ತದೆ. 2023ರಲ್ಲಿ ಅವಳ ತಿಥಿಯೂ ತಾರೀಖೂ ಮಾರ್ಚ್ 30ರಂದೇ ಕೂಡಿಬಂದಿದ್ದವು. ಆ ವರ್ಷ ಅಧಿಕ ಶ್ರಾವಣ ಬಂದದ್ದರಿಂದ 2024ರಲ್ಲಿ ತಿಥಿ ಏಪ್ರಿಲ್ 17ಕ್ಕೆ ಮುಂದೆ ಹೋಯಿತು, ಈ ವರ್ಷ ಹನ್ನೊಂದು ದಿನ ಹಿಂದೆ ಬಂತು.

ತಿಥಿಯು ನಡುರಾತ್ರಿಗೆ ಬದಲಾಗುವುದಿಲ್ಲ, ಹಗಲಲ್ಲಾಗಲಿ ರಾತ್ರಿಯಲ್ಲಾಗಲಿ ಯಾವ ಹೊತ್ತಿನಲ್ಲಾದರೂ ಬದಲಾಗಬಹುದು. ಆದ್ದರಿಂದ ಪಂಚಾಂಗ ನೋಡುವಾಗ ಹುಟ್ಟಿದ ದಿನದ ಜೊತೆಗೆ ಹುಟ್ಟಿದ ಗಳಿಗೆಯೂ ಬೇಕು. ಅದೇ ದಿನ ರಾತ್ರಿ ಹುಟ್ಟಿದ್ದರೆ ಅವಳ ತಿಥಿ ದಶಮಿಯಾಗುತ್ತಿತ್ತು. (ತಿಥಿಯ ಬದಲು ಜನ್ಮನಕ್ಷತ್ರವನ್ನು ನೋಡುವ ಮನೆಗಳೂ ಇವೆ.)

ಹತ್ತೊಂಬತ್ತು ಸೌರವರ್ಷಗಳು 235 ಚಾಂದ್ರಮಾಸಗಳಿಗೆ ಬಹುತೇಕ ಸಮ. ಹಾಗಾಗಿ ಅವಳಿಗೆ 38 ತುಂಬುವ 2042ರಲ್ಲಿ, ಒಂದು ದಿನ ಹಿಂದುಮುಂದಾದರೂ, ಎರಡು ಹುಟ್ಟುಹಬ್ಬಗಳೂ ಮತ್ತೆ ಜೊತೆಯಾಗಲಿವೆ.